10:02ರಿಂದ 10:14ರವರೆಗೆ ಲಿಫ್ಟ್

ನಮ್ಮ ಅಪಾರ್ಟ್‌ಮೆಂಟ್ ಸಮಿತಿಯಲ್ಲಿ ಏಳು ಮಂದಿ ಇದ್ದೇವೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇರುತ್ತೇವೆ, ಅರ್ಧ ಗಂಟೆಯ ಸಭೆ. ಎರಡು ವರ್ಷದ ಹಿಂದಿನವರೆಗೆ ಅದು ಹನ್ನೊಂದೂವರೆಗೆ ಮೊದಲು ಮುಗಿದದ್ದಿಲ್ಲ. ಅಂಥದ್ದೊಂದು ಸಭೆಯಲ್ಲಿ ಲಾಬಿಯ ಸೋಫಾಕ್ಕೆ ಯಾವ ಬಣ್ಣದ ಕವರ್ ಎಂಬುದರ ಮೇಲೆ ಇಪ್ಪತ್ತೈದು ನಿಮಿಷ ಮಾತಾಡಿದೆವು. ಲಿಫ್ಟಿನ ವಾರ್ಷಿಕ ನಿರ್ವಹಣೆಯ ಗುತ್ತಿಗೆ, ಅಂದರೆ ಎಎಂಸಿ, ಕೊನೆಗೆ ಬಂತು. ಅಷ್ಟು ಹೊತ್ತಿಗೆ ಇಬ್ಬರು ಎದ್ದು ಹೋಗಿದ್ದರು. "ಹೋದ ವರ್ಷದ್ದೇ ಮುಂದುವರಿಸೋಣ" ಎಂದು ಮೂರು ನಿಮಿಷದಲ್ಲಿ ಸಹಿ ಬಿತ್ತು. ಐದು ತಿಂಗಳ ಮೇಲೆ ರೋಪ್ ಸವೆದು ಲಿಫ್ಟ್ ನಿಂತಿತು. ಗುತ್ತಿಗೆಯಲ್ಲಿದ್ದದ್ದು ಕೂಲಿ ಮಾತ್ರ, ಬಿಡಿಭಾಗ ಸೇರಿರಲಿಲ್ಲ. ಹಣ ಹೊಂದಿಸಿ ರೋಪ್ ತರಿಸುವಷ್ಟರಲ್ಲಿ ಒಂಬತ್ತು ದಿನ ಕಳೆಯಿತು. ಮೂರನೇ ಮಹಡಿಯ ಅಜ್ಜಿಯೊಬ್ಬರು ಆ ದಿನಗಳಲ್ಲಿ ಡಯಾಲಿಸಿಸ್ ಮುಗಿಸಿ ಬಂದು ಮೆಟ್ಟಿಲು ಹತ್ತಿದರು. ಅದನ್ನು ನೋಡಿದ ಮೇಲೆ ನಾವು ಸಭೆಯ ಕಾರ್ಯಸೂಚಿ ಬರೆಯುವ ರೀತಿಯನ್ನೇ ಬದಲಿಸಿದೆವು.

ಈ ತೊಂದರೆ ನಮ್ಮದೊಂದೇ ಅಲ್ಲ. ಬ್ರಿಟಿಷ್ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1950ರ ದಶಕದಲ್ಲೇ ತಮ್ಮ ಪುಸ್ತಕದಲ್ಲಿ ಒಂದು ಕಾಲ್ಪನಿಕ ಸಮಿತಿಯನ್ನು ಚಿತ್ರಿಸಿದ್ದರು. ಒಂದು ಕೋಟಿ ಪೌಂಡಿನ ಅಣು ರಿಯಾಕ್ಟರಿಗೆ ಆ ಸಮಿತಿ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ. 350 ಪೌಂಡಿನ ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ರಿಯಾಕ್ಟರ್ ಯಾರಿಗೂ ಗೊತ್ತಿಲ್ಲ, ಸೈಕಲ್ ಶೆಡ್ ಎಲ್ಲರಿಗೂ ಗೊತ್ತು. ಮಾತಾಡಲು ಸುಲಭವಾದದ್ದು ಹೊತ್ತನ್ನು ನುಂಗುತ್ತದೆ. ಕೂತ ಮೇಲೆ ಅದನ್ನು ತಡೆಯುವುದು ಕಷ್ಟ, ಯಾಕೆಂದರೆ ಮಾತಾಡುತ್ತಿರುವವರನ್ನು ನಿಲ್ಲಿಸುವುದು ಅವರಿಗೆ ಅವಮಾನ ಮಾಡಿದಂತಾಗುತ್ತದೆ. ಆದ್ದರಿಂದ ಯಾವುದಕ್ಕೆ ಎಷ್ಟು ಹೊತ್ತು ಎಂಬುದು ಕೂರುವ ಮೊದಲೇ, ಎಲ್ಲರ ಕಣ್ಣ ಮುಂದೆ ಇರಬೇಕು.

ಈಗ ನಮ್ಮ ಗುಂಪಿಗೆ ಶುಕ್ರವಾರ ಸಂಜೆ ಹೋಗುವ ಸಂದೇಶ ಹೀಗಿರುತ್ತದೆ. ಇದು ಲಿಫ್ಟಿನ ಗುತ್ತಿಗೆ ಮತ್ತೆ ಬಂದ ದಿನದ್ದು:

10:00–10:02 ಹಿಂದಿನ ತೀರ್ಮಾನಗಳಲ್ಲಿ ಬಾಕಿ ಉಳಿದವು – ಕಾರ್ಯದರ್ಶಿ
10:02–10:14 ಲಿಫ್ಟ್ ಎಎಂಸಿ: ಎರಡು ಕೊಟೇಶನ್‌ಗಳಲ್ಲಿ ಯಾವುದು? – ಖಜಾಂಚಿ
10:14–10:21 ಬೇಸಿಗೆಯ ಟ್ಯಾಂಕರ್: ಮುಂಗಡ ಕೊಡೋಣವೇ? – ನೀರಿನ ಉಸ್ತುವಾರಿಯವರು
10:21–10:25 ಅತಿಥಿಗಳ ಪಾರ್ಕಿಂಗ್: ಎರಡು ಜಾಗ ಸಾಕೋ, ಮೂರು ಬೇಕೋ? – ಜಂಟಿ ಕಾರ್ಯದರ್ಶಿ
10:25–10:28 ಯಾರು, ಯಾವ ಕೆಲಸ, ಯಾವ ದಿನದೊಳಗೆ
10:28–10:30 ಬಿಡುವು

ಮೊದಮೊದಲು ನಾವು "ಲಿಫ್ಟ್ – 12 ನಿಮಿಷ" ಎಂದಷ್ಟೇ ಬರೆಯುತ್ತಿದ್ದೆವು. ಅದು ನಡೆಯಲಿಲ್ಲ. ಮಾತು ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ಯಾರಿಗೂ ನೆನಪಿರುವುದಿಲ್ಲ, ಹಾಗಾಗಿ ಹನ್ನೆರಡು ನಿಮಿಷ ಆಯಿತೋ ಇಲ್ಲವೋ ತಿಳಿಯುವುದಿಲ್ಲ. 10:14 ಎಂದು ಬರೆದರೆ ಗೋಡೆ ಗಡಿಯಾರವೇ ಹೇಳುತ್ತದೆ. ಮುಂದಿನ ವಿಷಯ ಯಾರದೋ ಅವರೂ ತಮ್ಮ ಹೊತ್ತು ಬಂತೆಂದು ಎಚ್ಚರಾಗುತ್ತಾರೆ. ಹಾಗೆಯೇ "ಟ್ಯಾಂಕರ್ ಬಗ್ಗೆ ಚರ್ಚೆ" ಎಂದು ಬರೆದರೆ ಚರ್ಚೆ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಗುರುತೇ ಇರುವುದಿಲ್ಲ. ಪ್ರಶ್ನೆಯಾಗಿ ಬರೆದರೆ ಉತ್ತರ ಸಿಕ್ಕಲ್ಲಿಗೆ ಅದು ಮುಗಿಯುತ್ತದೆ.

ನಿಮಿಷ ಹಂಚುವಾಗ ಬಹಳ ಮಂದಿ ಒಂದು ಲೆಕ್ಕ ಮರೆಯುತ್ತಾರೆ. ಪಾರ್ಕಿಂಗಿಗೆ ನಾಲ್ಕು ನಿಮಿಷ ಎಂದರೆ 240 ಸೆಕೆಂಡು. ಏಳು ಮಂದಿಯೂ ಮಾತಾಡಿದರೆ ತಲಾ 34 ಸೆಕೆಂಡು ಬರುತ್ತದೆ, ವಿಷಯ ತೆರೆದಿಡುವ ಹೊತ್ತು ಬೇರೆ. ಅಂದರೆ ನಾಲ್ಕು ನಿಮಿಷದ ವಿಷಯದಲ್ಲಿ ಹೌದು, ಇಲ್ಲ ಎನ್ನುವುದಕ್ಕೆ ಜಾಗವಿದೆಯೇ ಹೊರತು ವಿವರಣೆಗೆ ಇಲ್ಲ. ವಿವರಣೆ ಮೊದಲೇ ಓದಿ ಬಂದಿರಬೇಕು. ಸಂದೇಶವನ್ನು ಭಾನುವಾರ ಬೆಳಿಗ್ಗೆ ಕಳಿಸದೆ ಶುಕ್ರವಾರವೇ ಕಳಿಸುವುದು ಇದಕ್ಕಾಗಿ. ಮೊದಲೊಮ್ಮೆ ಸಭೆಗೆ ಒಂದು ಗಂಟೆ ಮುಂಚೆ ಕಳಿಸಿದ್ದೆವು. ಯಾರೂ ಓದಿರಲಿಲ್ಲ. ಕೊಟೇಶನ್ ಗಟ್ಟಿಯಾಗಿ ಓದುವುದರಲ್ಲೇ ಒಂಬತ್ತು ನಿಮಿಷ ಹೋಯಿತು.

ಲಿಫ್ಟಿನ ಹನ್ನೆರಡು ನಿಮಿಷ ಹೇಗೆ ಕಳೆಯಿತೆಂದು ಹೇಳುತ್ತೇನೆ. ಖಜಾಂಚಿಯವರು ಶುಕ್ರವಾರವೇ ಒಂದು ಪುಟದ ಟಿಪ್ಪಣಿ ಕಳಿಸಿದ್ದರು. ಬಿಡಿಭಾಗವೂ ಸೇರಿದ ಗುತ್ತಿಗೆಗೆ ವರ್ಷಕ್ಕೆ 1,10,000 ರೂಪಾಯಿ, ಕೂಲಿ ಮಾತ್ರದ್ದಕ್ಕೆ 62,000. ಹಿಂದಿನ ಎರಡು ವರ್ಷ ಬಿಡಿಭಾಗಕ್ಕೆ ನಾವು ತೆತ್ತದ್ದು 38,000 ಮತ್ತು 51,000. ಕೂಡಿದರೆ ಅಗ್ಗದ ಗುತ್ತಿಗೆಯೇ ಒಂದು ವರ್ಷ ಒಂದು ಲಕ್ಷಕ್ಕೆ, ಇನ್ನೊಂದು ವರ್ಷ 1,13,000ಕ್ಕೆ ಬರುತ್ತದೆ. ಸಭೆಯಲ್ಲಿ ಅವರು ಎರಡೇ ನಿಮಿಷ ಮಾತಾಡಿದರು. ಉಳಿದ ಹತ್ತು ನಿಮಿಷದಲ್ಲಿ ಒಬ್ಬರು, "ರೋಪ್ ಇದರಲ್ಲಿ ಸೇರಿದೆಯಾ? ಸೇರಿಲ್ಲದ ಭಾಗಗಳ ಪಟ್ಟಿ ಎಲ್ಲಿ ಸಾರ್?" ಎಂದು ಕೇಳಿದರು. ಹಿಂದಿನ ಸಲ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಅದು. ಪಟ್ಟಿ ಕೈಯಲ್ಲಿರಲಿಲ್ಲ. ಗಡಿಯಾರ 10:13 ತೋರಿಸುತ್ತಿತ್ತು.

ಮಿತಿ ಮುಟ್ಟಿದಾಗ ಏನು ಮಾಡಬೇಕೆಂದು ಮೊದಲೇ ಒಪ್ಪಿಕೊಂಡಿರದಿದ್ದರೆ ಇಂಥ ಘಳಿಗೆಯಲ್ಲೇ ವೇಳಾಪಟ್ಟಿ ಕುಸಿಯುವುದು. ನಮ್ಮಲ್ಲಿ ಮೂರು ದಾರಿಗಳಿವೆ. ಇದ್ದ ಮಾಹಿತಿಯಲ್ಲೇ ತೀರ್ಮಾನಿಸುವುದು, ಇಬ್ಬರಿಗೆ ಒಪ್ಪಿಸಿ ದಿನ ಗೊತ್ತು ಮಾಡುವುದು, ಇಲ್ಲವೇ ಇನ್ನೊಂದು ವಿಷಯದ ನಿಮಿಷಗಳನ್ನು ಅದರ ಹೊಣೆ ಹೊತ್ತವರನ್ನು ಕೇಳಿ ಪಡೆಯುವುದು. ಅಂದು ಎರಡನೆಯದನ್ನು ಆರಿಸಿದೆವು. ರೋಪ್ ಸೇರಿದ್ದರೆ 1,10,000ದ ಗುತ್ತಿಗೆಗೆ ಒಪ್ಪಿಗೆಯಿದೆ, ಬುಧವಾರದೊಳಗೆ ಖಜಾಂಚಿಯವರೂ ಕಾರ್ಯದರ್ಶಿಯವರೂ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು ಎಂದು ಬರೆದುಕೊಂಡೆವು. ಹೊತ್ತು ನೋಡುವವರು ಅಧ್ಯಕ್ಷರಲ್ಲ, ಬೇರೆ ಸದಸ್ಯರು. ಚರ್ಚೆ ನಡೆಸುವವರೇ ಗಡಿಯಾರವನ್ನೂ ನೋಡಲು ಹೋದರೆ ಎರಡೂ ಕೆಡುತ್ತವೆ. ಮುಗಿಯಲು ಎರಡು ನಿಮಿಷ ಇದ್ದಾಗ "ಎರಡು ನಿಮಿಷ" ಎಂದಷ್ಟೇ ಅವರು ಹೇಳುತ್ತಾರೆ.

ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ಪ್ರತಿ ವಿಷಯ ನಿಜವಾಗಿ ಮುಗಿದ ಹೊತ್ತನ್ನು ಪಕ್ಕದಲ್ಲಿ ಗುರುತು ಹಾಕುತ್ತಾರೆ. ನಮ್ಮ ಟ್ಯಾಂಕರ್ ವಿಷಯ ಏಳು ನಿಮಿಷಕ್ಕೆಂದು ಇಟ್ಟರೂ ಮೂರು ಸಭೆಗಳಲ್ಲಿ ಹನ್ನೊಂದು, ಹದಿಮೂರು, ಹನ್ನೆರಡು ನಿಮಿಷ ಹಿಡಿಯಿತು. ಮಾತು ಜಾಸ್ತಿಯಾಯಿತೆಂದು ಸದಸ್ಯರನ್ನು ದೂರುವಂತಿರಲಿಲ್ಲ, ಏಳು ನಿಮಿಷವೆಂಬ ನಮ್ಮ ಅಂದಾಜೇ ತಪ್ಪಾಗಿತ್ತು. ಈಗ ಮಾರ್ಚ್‌ನಿಂದ ಮೇವರೆಗೆ ನೀರಿಗೆ ಬೇರೆಯೇ ಸಭೆ ಇದೆ.

ಎಲ್ಲದಕ್ಕೂ ಇದು ಹೊಂದುವುದಿಲ್ಲ. ಕಾವಲುಗಾರರೊಬ್ಬರ ಮೇಲೆ ದೂರು ಬಂದಾಗ ಅದನ್ನು ಆರು ನಿಮಿಷಕ್ಕೆ ಇಟ್ಟದ್ದು ತಪ್ಪಾಯಿತು. ಅವರ ಮಾತು ಪೂರ್ತಿ ಕೇಳುವ ಮೊದಲೇ ಹೊತ್ತಾಯಿತು. ಒಬ್ಬರ ಅನ್ನದ ಪ್ರಶ್ನೆಯನ್ನು, ಇಬ್ಬರ ನಡುವಿನ ಮನಸ್ತಾಪವನ್ನು ಅರ್ಧ ಗಂಟೆಯ ಪಟ್ಟಿಯೊಳಗೆ ಸೇರಿಸಬಾರದು.

ಇನ್ನು ನಮ್ಮ ಕಡೆಯ ಸಭಾ ಸೂಚನೆಗಳಲ್ಲೆಲ್ಲ ಕೊನೆಗೊಂದು ಸಾಲಿರುತ್ತದೆ: ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು. ವರ್ಷಕ್ಕೊಮ್ಮೆಯ ಸರ್ವಸದಸ್ಯರ ಸಭೆಯಲ್ಲಿ ಅದಿರಲಿ. ಅರ್ಧ ಗಂಟೆಯ ಸಭೆಯಲ್ಲಿ ಗೊತ್ತುಗುರಿಯಿಲ್ಲದ ಮಾತು ಒಳಗೆ ಬರುವುದು ಆ ಬಾಗಿಲಿಂದಲೇ. ನಿಮ್ಮ ಮುಂದಿನ ಸೂಚನೆಯಿಂದ ಅದನ್ನು ತೆಗೆದು, ಆ ಜಾಗದಲ್ಲಿ ಎರಡು ನಿಮಿಷದ ಬಿಡುವು ಬರೆದು, ಶುಕ್ರವಾರ ಸಂಜೆಯೇ ಕಳಿಸಿ.