ಉಕ್ಕು ತೂರುವ ಎರಡು ದಾರಿ

ಟ್ಯಾಂಕಿನ ಫಿರಂಗಿಯಿಂದ ಹೊರಬಿದ್ದ ಕೂಡಲೇ ಬಾಣದ ಗುಂಡು ತನ್ನ ಸುತ್ತಲಿನ ಹಗುರ ಹೊದಿಕೆಯನ್ನು ಕಳಚಿಕೊಳ್ಳುತ್ತದೆ. ಉಳಿಯುವುದು ಟಂಗ್‌ಸ್ಟನ್ ಅಥವಾ ಯುರೇನಿಯಂ ಮಿಶ್ರಲೋಹದ ತೆಳ್ಳನೆಯ ಸರಳು, ಬಾಲದಲ್ಲಿ ರೆಕ್ಕೆಗಳು. ಅದರೊಳಗೆ ಸಿಡಿಮದ್ದಿಲ್ಲ. ಸೆಕೆಂಡಿಗೆ ಸುಮಾರು 1,600 ಮೀಟರ್ ವೇಗ, ಇಡೀ ಭಾರ ಒಂದು ಚುಕ್ಕೆಯ ಮೇಲೆ: ಅದರ ಬಲ ಇಷ್ಟೇ. ಉಕ್ಕನ್ನು ಕೊರೆಯುತ್ತಾ ತಾನೂ ತುದಿಯಿಂದ ಸವೆಯುತ್ತದೆ; ಹಾಗಾಗಿ ಸರಳು ಉದ್ದವಿರಬೇಕು. ದೂರ ಹೆಚ್ಚಿದಂತೆ ವೇಗ ಇಳಿದು ಪೆಟ್ಟೂ ಕುಗ್ಗುತ್ತದೆ.

ಟೊಳ್ಳು ಮದ್ದಿನ ಗುಂಡಿಗೆ ದೂರದ ಚಿಂತೆಯಿಲ್ಲ, ಶಕ್ತಿ ಅದರ ಹೊಟ್ಟೆಯಲ್ಲೇ ಇದೆ. ಮದ್ದಿನ ಮುಂಭಾಗದಲ್ಲಿ ಆಲಿಕೆಯಾಕಾರದ ತಾಮ್ರದ ಹಾಳೆ. ಸ್ಫೋಟ ಅದನ್ನು ಒಳಮುಖವಾಗಿ ಹಿಂಡಿ ತೆಳು ಧಾರೆಯಾಗಿಸುತ್ತದೆ. ತುದಿಯ ವೇಗ ಸೆಕೆಂಡಿಗೆ 8 ಕಿಲೋಮೀಟರಿನಷ್ಟು. ಅದು ಉಕ್ಕನ್ನು ಕರಗಿಸುತ್ತದೆ ಎಂದು ಅನೇಕರು ಬರೆಯುತ್ತಾರೆ. ಹಾಗಲ್ಲ, ತಾಮ್ರ ಬಹುಪಾಲು ಘನವಾಗಿಯೇ ಇರುತ್ತದೆ, ವಿಪರೀತ ಒತ್ತಡಕ್ಕೆ ಉಕ್ಕು ಅತ್ತಿತ್ತ ಸರಿದು ದಾರಿ ಬಿಡುತ್ತದೆ.

ಧಾರೆ ಮಾತ್ರ ಬಲು ನಾಜೂಕು. 1982ರ ಲೆಬನಾನ್ ಯುದ್ಧಕ್ಕೆ ಇಸ್ರೇಲಿ ಟ್ಯಾಂಕುಗಳು ಮೈಮೇಲೆ ಸಿಡಿಯುವ ಪೆಟ್ಟಿಗೆಗಳನ್ನು ಹೊತ್ತು ಹೋದವು. ಧಾರೆ ತಾಗಿದರೆ ಪೆಟ್ಟಿಗೆಯ ಮದ್ದು ಸಿಡಿದು, ಉಕ್ಕಿನ ತಗಡುಗಳು ಓರೆಯಾಗಿ ಹಾರಿ ಅದನ್ನು ಚದುರಿಸುತ್ತಿದ್ದವು. ಗಟ್ಟಿ ಸರಳಿಗೆ ಆ ತೆಳು ತಗಡು ಲೆಕ್ಕಕ್ಕಿರಲಿಲ್ಲ. ಅದನ್ನು ಮಣಿಸಲು ಮುಂದೆ ಸೋವಿಯತ್ ಎಂಜಿನಿಯರುಗಳು ದಪ್ಪ ತಗಡಿನ ಪೆಟ್ಟಿಗೆ ತಂದರು.