ಅರವತ್ತು ಡಬ್ಬ ಎಲ್ಲಿ ಹೋದವು?

ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದಾಗ ಪ್ರತಿ ಸೋಮವಾರ ನನ್ನ ಮೊದಲ ಕೆಲಸ ಒಂದು ಪಟ್ಟಿ ಓದುವುದು. ಪಾವತಿಯಾಗದೆ ನಿಂತುಹೋದ ಬಿಲ್ಲುಗಳ ಪಟ್ಟಿ ಅದು. ಆಫೀಸಿನ ಮಾತಿನಲ್ಲಿ ‘ಎಕ್ಸೆಪ್ಷನ್ ರಿಪೋರ್ಟ್’.

ಕಾರ್ಖಾನೆ ಏನೇ ಕೊಂಡರೂ ಮೂರು ಕಾಗದ ಹುಟ್ಟುತ್ತವೆ. ಇಷ್ಟು ಸಾಮಾನು ಈ ದರಕ್ಕೆ ಕಳಿಸಿ ಎಂದು ಪರ್ಚೇಸ್‌ನವರು ಬರೆಯುವುದು ಪಿಒ. ಲಾರಿ ಬಂದಾಗ ಎಣಿಸಿ ಸ್ಟೋರ್ಸ್‌ನವರು ಬರೆಯುವುದು ಜಿಆರ್‌ಎನ್, ಅಂದರೆ ಸರಕು ಬಂದದ್ದಕ್ಕೆ ಚೀಟಿ. ಇಷ್ಟು ಹಣ ಕೊಡಿ ಎಂದು ಮಾರಿದವರು ಕಳಿಸುವುದು ಇನ್‌ವಾಯ್ಸ್. ಮೂರನ್ನೂ ಬರೆಯುವ ಕೈಗಳು ಬೇರೆ ಬೇರೆ; ಈ ಪದ್ಧತಿಯ ಬಲವೆಲ್ಲ ಅದರಲ್ಲೇ ಇದೆ. ಕಂಪ್ಯೂಟರ್ ಮೂರನ್ನೂ ತಾಳೆ ನೋಡಿ, ಹೊಂದಿದ ಬಿಲ್ಲನ್ನು ಪಾವತಿಗೆ ಬಿಟ್ಟು ಹೊಂದದ್ದನ್ನು ತಡೆಯುತ್ತದೆ.

ಒಮ್ಮೆ ಪ್ಯಾಕಿಂಗ್ ಡಬ್ಬಗಳ ಬಿಲ್ಲು ಹೀಗೆ ನಿಂತಿತು. ಪಿಒದಲ್ಲಿ 1,000 ಡಬ್ಬ, ಒಂದಕ್ಕೆ 42 ರೂಪಾಯಿ. ಜಿಆರ್‌ಎನ್‌ನಲ್ಲಿ 940. ಇನ್‌ವಾಯ್ಸ್‌ನಲ್ಲಿ 1,000, ದರ 43.50. ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ ನಮ್ಮ ಪ್ರಕಾರ ಕೊಡಬೇಕಾದದ್ದು 39,480, ಅವರು ಕೇಳಿದ್ದು 43,500. ವ್ಯತ್ಯಾಸ 4,020 ರೂಪಾಯಿ. ಅದನ್ನು ಒಡೆದು ನೋಡಿದೆ: ಬಾರದ 60 ಡಬ್ಬಕ್ಕೆ ಹಳೆಯ ದರದಲ್ಲಿ 2,520, ಸಾವಿರ ಡಬ್ಬಕ್ಕೆ ಒಂದೂವರೆ ರೂಪಾಯಿಯಂತೆ ಏರಿದ ದರಕ್ಕೆ 1,500. ಹೀಗೆ ಒಡೆಯದಿದ್ದರೆ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ. ಪ್ರಮಾಣದ ಪ್ರಶ್ನೆಗೆ ಉತ್ತರ ಸ್ಟೋರ್ಸ್‌ನಲ್ಲಿರುತ್ತದೆ, ದರದ ಪ್ರಶ್ನೆಗೆ ಪರ್ಚೇಸ್‌ನಲ್ಲಿ.

ಇಂಥ ಸಾಲು ಕಂಡಾಗ ಮಾರಿದವರಿಗೆ ಫೋನ್ ಮಾಡಿ ರೇಗುವ ಚಾಳಿ ಹಲವರಿಗಿದೆ. ನಾನು ಮೊದಲು ಸ್ಟೋರ್ಸ್‌ಗೆ ಹೋದೆ. ಗೇಟಿನ ರಿಜಿಸ್ಟರ್‌ನಲ್ಲಿ 1,000 ಎಂದೇ ಇತ್ತು. ಉಳಿದ 60 ಮಳೆಯಲ್ಲಿ ನೆಂದು, ಅಂಚು ಮೆತ್ತಗಾಗಿ ಮೂಲೆಯಲ್ಲಿದ್ದವು. ಬೇಡವೆಂದು ಬದಿಗಿಟ್ಟಿದ್ದರು, ಆದರೆ ಅದನ್ನು ಮಾರಿದವರಿಗೆ ಬರೆದು ತಿಳಿಸಿರಲಿಲ್ಲ. ದರದ ಕತೆಯೂ ಹಾಗೆಯೇ. ಕಾಗದದ ಬೆಲೆ ಏರಿದೆಯೆಂದು ಅವರು ಕೇಳಿದಾಗ ನಮ್ಮ ಪರ್ಚೇಸ್ ಆಫೀಸರ್ ಫೋನಿನಲ್ಲೇ ಒಪ್ಪಿಕೊಂಡು, ಪಿಒ ತಿದ್ದುವುದನ್ನು ಮರೆತಿದ್ದರು. ಎರಡು ತಪ್ಪೂ ನಮ್ಮ ಮನೆಯವೇ.

ಪರ್ಚೇಸ್ ಮ್ಯಾನೇಜರ್ ಒಪ್ಪಿಗೆ ಪಡೆದು ದರ ತಿದ್ದಿದರು. ಅರವತ್ತು ಡಬ್ಬಕ್ಕೆ ಮಾರಿದವರು 2,610 ರೂಪಾಯಿಯ ಕ್ರೆಡಿಟ್ ನೋಟ್ ಕೊಟ್ಟರು. ಕೊನೆಗೆ ಪಾವತಿಸಿದ್ದು 40,890. ಬಿಲ್ಲು ಬಂದ ಮೇಲೆ ಪಿಒ ತಿದ್ದುವುದು ಪದೇ ಪದೇ ಕಂಡರೆ ಮಾತ್ರ ಸುಮ್ಮನಿರಬಾರದು. ತಿದ್ದುವವರೂ ಬಿಲ್ಲು ಬಿಡಿಸುವವರೂ ಒಬ್ಬರೇ ಆಗಿದ್ದರಂತೂ ತಾಳೆ ನೋಡಿಯೂ ಪ್ರಯೋಜನವಿಲ್ಲ.

ಬಿಲ್ಲನ್ನು ತಡೆದಿಟ್ಟು ಮರೆಯುವಂತೆಯೂ ಇಲ್ಲ. ಮಾರಿದವರು ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ 45 ದಿನ ದಾಟುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಸರಕಿನ ಬಗ್ಗೆ ತಕರಾರಿದ್ದರೆ ಅದು ಬಂದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು, ಇಲ್ಲವಾದರೆ ಒಪ್ಪಿಕೊಂಡಂತೆಯೇ ಲೆಕ್ಕ. ಡಬ್ಬಗಳು ಬಂದು ಹನ್ನೊಂದು ದಿನವಾಗಿತ್ತು. ಅಂದೇ ಇಮೇಲ್ ಕಳಿಸಿದೆವು. ಪಟ್ಟಿಯಲ್ಲಿ ಹಣದ ಮೊತ್ತಕ್ಕಿಂತ ಮೊದಲು ಸರಕು ಬಂದ ತಾರೀಖು ನೋಡಬೇಕೆಂದು ನಾನು ಹೇಳುವುದು ಇದಕ್ಕೇ.

ನನ್ನನ್ನು ಹೆಚ್ಚು ಕಾಡಿದ್ದು ಪಟ್ಟಿಗೆ ಬಾರದ ಬಿಲ್ಲುಗಳು. ಲಾರಿ ಚಾಲಕ ಇನ್‌ವಾಯ್ಸ್ ಪ್ರತಿ ಕೈಗಿಡುತ್ತಾನೆ. ಅವಸರದಲ್ಲಿರುವ ಸ್ಟೋರ್ಸ್‌ನವರು ಎಣಿಸದೆ ಅದರಲ್ಲಿರುವ ಅಂಕಿಯನ್ನೇ ಜಿಆರ್‌ಎನ್‌ಗೆ ಇಳಿಸುತ್ತಾರೆ. ಆಗ ಮೂರು ಕಾಗದವೂ ಚೆನ್ನಾಗಿ ಹೊಂದುತ್ತವೆ, ಡಬ್ಬ ಕಡಿಮೆ ಬಂದಿದ್ದರೂ ಸಹ. ಒಂದು ಅಂಗಡಿಯಿಂದ ವರ್ಷವಿಡೀ ಬಂದ ಸಾಮಾನಿನಲ್ಲಿ ಒಂದೇ ಒಂದು ಡಬ್ಬದ ವ್ಯತ್ಯಾಸವೂ ಇಲ್ಲವೆಂದರೆ ನನಗೆ ಅನುಮಾನ ಬರುತ್ತದೆ.

ಇದಕ್ಕೆ ನಾವು ಮಾಡಿಕೊಂಡ ಏರ್ಪಾಡು ಸರಳ. ಇನ್‌ವಾಯ್ಸ್ ಪ್ರತಿ ಗೇಟಿನ ಸೆಕ್ಯುರಿಟಿ ಬಳಿಯೇ ಉಳಿಯಬೇಕು. ಸ್ಟೋರ್ಸ್‌ಗೆ ಹೋಗುವ ಪಿಒ ಪ್ರತಿಯಲ್ಲಿ ಸಾಮಾನಿನ ಹೆಸರಿರುತ್ತದೆ, ಪ್ರಮಾಣದ ಕಾಲಮ್ ಖಾಲಿ. ಎಣಿಸಿ ಬರೆದು ಸಹಿ ಹಾಕಿದ ಮೇಲೆಯೇ ಇನ್‌ವಾಯ್ಸ್ ಒಳಗೆ ಬರುತ್ತದೆ. ಲಾರಿ ಇಳಿಸುವುದು ತಡವಾಗುತ್ತದೆಂದು ಸ್ಟೋರ್ಸ್‌ನವರು ಗೊಣಗಿದರು, ಅದು ನಿಜವೂ ಆಗಿತ್ತು. ಮುಂದಿನ ಸೋಮವಾರ ಪಟ್ಟಿ ಒಂದು ಪುಟದಿಂದ ಎರಡಕ್ಕೆ ಏರಿತ್ತು. ಹೊಸದಾಗಿ ಸೇರಿದ ಸಾಲುಗಳಲ್ಲಿ ಹೆಚ್ಚಿನವು ಹಿಂದೆಂದೂ ಪಟ್ಟಿಯಲ್ಲಿ ಕಾಣದ ಹೆಸರುಗಳವು.