ಐದಕ್ಕೆ ಎಬ್ಬಿಸಬೇಕಾದ ಸಂದೇಶ ಹತ್ತೂವರೆಗೆ ಬಂತು!

ಸೋಮವಾರ 10 ಗಂಟೆಗೆ ಪರೀಕ್ಷೆ. ಬೆಳಗಿನ 5ಕ್ಕೆ ಗೆಳೆಯರನ್ನೆಲ್ಲ ಎಬ್ಬಿಸುವ ಸಂದೇಶ ಹೋಗಲೆಂದು ನೀವು ಸರ್ವರಿನ ಕ್ರಾನ್‌ಗೆ ಹೀಗೆ ಹೇಳಿದಿರಿ ಅಂದ್ಕೊಳ್ಳಿ. ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ತಂತ್ರಾಂಶವೇ ಕ್ರಾನ್.

```
0 5 * * 1
```

ಮೊದಲು ನಿಮಿಷ, ಆಮೇಲೆ ಗಂಟೆ. ಕೊನೆಯ 1 ಎಂದರೆ ಸೋಮವಾರ. ಎರಡು ನಕ್ಷತ್ರಗಳು ‘ಯಾವ ತಾರೀಖು, ಯಾವ ತಿಂಗಳಾದರೂ ಸರಿ’ ಎನ್ನುತ್ತವೆ. ಬರೆದದ್ದು ಸರಿಯೇ. ಆದರೂ ಸಂದೇಶ ಬಂದದ್ದು 10:30ಕ್ಕೆ! ಯಾಕೆ ಗೊತ್ತಾ?

ಕ್ರಾನ್ ನೋಡುವುದು ಸರ್ವರಿನ ಗಡಿಯಾರವನ್ನು. ಅದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ಅಷ್ಟನ್ನು ಕಳೆಯಿರಿ: ಭಾನುವಾರ ರಾತ್ರಿ 11:30. ವಾರವೂ ಬದಲಾಯ್ತು, ನೋಡಿದಿರಾ?

```
30 23 * * 0
```

ಮೊದಲೇ ಸರ್ವರಿನಲ್ಲಿ `date` ಎಂದು ಕೊಟ್ಟು ನೋಡಿ. `UTC` ಎಂದು ತೋರಿಸಿದರೆ ಈ ಲೆಕ್ಕ. `IST` ಎಂದರೆ ಮೊದಲಿನ ಸಾಲೇ ಸಾಕು.